ಮುಂಗಡ ಬಂದ ಮೇಲೆ ಗರಗಸ

ಹೊಸ ಗಿರಾಕಿಯೊಬ್ಬರು 60,000 ರೂಪಾಯಿಗೆ ವಾರ್ಡ್‌ರೋಬ್ ಮಾಡಿಸುತ್ತಾರೆ ಎಂದುಕೊಳ್ಳಿ. ಪ್ಲೈವುಡ್, ಲ್ಯಾಮಿನೇಟ್, ಕೀಲು, ಹಿಡಿಗಳಿಗೇ 30,000 ಹೋಗುತ್ತದೆ. ಅವರ ಗೋಡೆಯ ಅಳತೆಗೆ ಒಮ್ಮೆ ಕೊಯ್ದ ಹಲಗೆ ಇನ್ನೊಂದು ಮನೆಗೆ ಹೊಂದುವುದು ಕಷ್ಟ. ಹಾಗಾಗಿ ಬಡಗಿ ಸಾಮಾನಿನ ಖರ್ಚನ್ನಾದರೂ ಮುಂಗಡವಾಗಿ ಕೇಳಬೇಕು, ಕೂಲಿ ಆಮೇಲೆ.

“ದುಡ್ಡು ತಗೊಂಡು ನೀವು ಬರದಿದ್ದರೆ?” ಎಂದು ಗಿರಾಕಿ ಹಿಂಜರಿದರೆ ಸಿಟ್ಟಾಗಬಾರದು, ಆ ಭಯ ನ್ಯಾಯವಾದದ್ದೇ. “ಸರ್, ನನ್ನ ಕೈಗೆ ಕೊಡಬೇಡಿ. ಅಂಗಡಿಗೆ ಒಟ್ಟಿಗೇ ಹೋಗೋಣ. ಬಿಲ್ ನಿಮ್ಮ ಹೆಸರಲ್ಲಿರಲಿ, ಸಾಮಾನು ನಿಮ್ಮ ಮನೆಯಲ್ಲೇ ಇಳಿಯಲಿ” ಎನ್ನಬಹುದು. ಉಳಿದದ್ದರಲ್ಲಿ ಅರ್ಧ ಚೌಕಟ್ಟು ನಿಂತಾಗ, ಅರ್ಧ ಬಾಗಿಲು ಕೂರಿಸಿದಾಗ ಎಂದು ಬರೆದು ಇಬ್ಬರೂ ಸಹಿ ಹಾಕಲಿ. ಇಷ್ಟಕ್ಕೂ ಒಪ್ಪದವರ ಕೆಲಸಕ್ಕೆ ಗರಗಸ ಎತ್ತದಿರುವುದೇ ಲೇಸು.