ಎರಡು ಸರಾಸರಿಗಳ ನಡುವಿನ ಬಾಗು

ಹತ್ತು ಸಾವಿರ ರೂಪಾಯಿಯನ್ನು ಎಲ್ಲೋ ಹೂಡಿದ್ದೀರಿ ಎಂದುಕೊಳ್ಳಿ. ಮೊದಲ ವರ್ಷ ಅದು ಶೇ. 50ರಷ್ಟು ಬೆಳೆಯಿತು, ಎರಡನೆಯ ವರ್ಷ ಶೇ. 40ರಷ್ಟು ಕುಸಿಯಿತು. ವರ್ಷಕ್ಕೆ ಸರಾಸರಿ ಎಷ್ಟು ಬಂತು? ಬಾಯಿಲೆಕ್ಕದಲ್ಲೇ ಹೇಳಬಹುದು: 50ರಲ್ಲಿ 40 ಕಳೆದರೆ 10, ಎರಡು ವರ್ಷಕ್ಕೆ ಹಂಚಿದರೆ ಶೇ. 5 ಲಾಭ. ಈಗ ಹಣವನ್ನೇ ಎಣಿಸಿ ನೋಡಿ. 10,000 ಮೊದಲು 15,000 ಆಯಿತು. ಆ 15,000ದಲ್ಲಿ ಶೇ. 40 ಎಂದರೆ 6,000. ಅದು ಹೋಗಿ ಉಳಿದದ್ದು 9,000. ಸರಾಸರಿ ಲಾಭ ಎನ್ನುತ್ತಿದೆ, ಕೈಯಲ್ಲಿ ಮಾತ್ರ ಸಾವಿರ ರೂಪಾಯಿ ಕಡಿಮೆ.

ಲೆಕ್ಕ ತಪ್ಪಿಲ್ಲ, ಸರಾಸರಿಯ ಜಾತಿ ತಪ್ಪಿದೆ. ಹಣ ಮೊದಲ ವರ್ಷ 1.5 ಪಟ್ಟಾಯಿತು, ಎರಡನೆಯ ವರ್ಷ 0.6 ಪಟ್ಟಾಯಿತು. ಪಟ್ಟುಗಳು ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ, ಕೂಡಿಕೊಳ್ಳುವುದಿಲ್ಲ. ಇವೆರಡನ್ನು ಕೂಡಿ ಎರಡರಿಂದ ಭಾಗಿಸಿದರೆ 1.05 ಬರುತ್ತದೆ. ಇದು ಶಾಲೆಯಲ್ಲಿ ಕಲಿತ ಸಮಾಂತರ ಮಾಧ್ಯ. ಗುಣಿಸಿ ವರ್ಗಮೂಲ ತೆಗೆದರೆ 0.9487 ಬರುತ್ತದೆ. ಇದು ಗುಣೋತ್ತರ ಮಾಧ್ಯ, ಎರಡೂ ವರ್ಷ ಹಣ ಒಂದೇ ಪಟ್ಟಿನಲ್ಲಿ ನಡೆದು 9,000ಕ್ಕೆ ಬಂದು ನಿಲ್ಲಬೇಕಾದರೆ ಆ ಪಟ್ಟು ಎಷ್ಟಿರಬೇಕು ಎಂಬುದರ ಉತ್ತರ. ವರ್ಷಕ್ಕೆ ಶೇ. 5ಕ್ಕಿಂತ ತುಸು ಹೆಚ್ಚು ನಷ್ಟ.

ಧನ ಸಂಖ್ಯೆಗಳನ್ನು ಯಾವುವನ್ನೇ ತೆಗೆದುಕೊಳ್ಳಿ, ಎಷ್ಟೇ ತೆಗೆದುಕೊಳ್ಳಿ, ಗುಣೋತ್ತರ ಮಾಧ್ಯ ಸಮಾಂತರ ಮಾಧ್ಯವನ್ನು ಎಂದೂ ಮೀರುವುದಿಲ್ಲ. ಎಲ್ಲ ಸಂಖ್ಯೆಗಳೂ ಒಂದೇ ಆಗಿದ್ದಾಗ ಮಾತ್ರ ಎರಡೂ ಸಮ. ಇದಕ್ಕೆ ಹತ್ತಾರು ಸಾಧನೆಗಳಿವೆ. ಫ್ರಾನ್ಸಿನ ಕೋಶಿ 1821ರ ತನ್ನ ಪಠ್ಯದಲ್ಲಿ ಕೊಟ್ಟದ್ದು ಬಹಳ ಚತುರವಾದುದು: ಮೊದಲು ಎರಡು ಸಂಖ್ಯೆಗಳಿಗೆ, ಆಮೇಲೆ ನಾಲ್ಕಕ್ಕೆ, ಎಂಟಕ್ಕೆ, ಹದಿನಾರಕ್ಕೆ ಎಂದು ನೆಗೆಯುತ್ತ ಹೋಗಿ, ನಡುವೆ ಬಿಟ್ಟುಹೋದವುಗಳಿಗೆ ಹಿಂದಕ್ಕೆ ಇಳಿದು ಬರುವುದು. ಅದನ್ನು ಓದಿದರೆ ಮಾತು ನಿಜ ಎಂದು ಒಪ್ಪಲೇಬೇಕು. ಆದರೆ ಯಾಕೆ ನಿಜ ಎಂಬುದು ನನಗೆ ಕಣ್ಣಿಗೆ ಕಂಡದ್ದು ಒಂದು ಬಾಗಿದ ಗೆರೆಯಲ್ಲಿ.

ಎರಡು ಕಂಬಗಳ ನಡುವೆ ಬಟ್ಟೆ ಒಣಹಾಕಲು ಕಟ್ಟಿದ ಹಗ್ಗ ಸ್ವಲ್ಪ ಸಡಿಲವಾಗಿ ಜೋತಿರುವುದನ್ನು ನೆನೆಯಿರಿ. ಎಡಗಂಬದ ಬಳಿ ಅದು ಕಡಿದಾಗಿ ಇಳಿಯುತ್ತದೆ, ಬರುಬರುತ್ತ ಇಳಿತ ಕಡಿಮೆಯಾಗಿ ನಡುವೆ ಮಟ್ಟವಾಗುತ್ತದೆ, ಆಮೇಲೆ ಏರತೊಡಗಿ ಬಲಗಂಬದ ಬಳಿ ಕಡಿದಾಗಿ ಏರುತ್ತದೆ. ಇಳಿಜಾರನ್ನು ಸಂಖ್ಯೆಯಲ್ಲಿ ಬರೆದರೆ ಅದು ಋಣದಿಂದ ಹೊರಟು, ಸೊನ್ನೆಯನ್ನು ದಾಟಿ, ಧನಕ್ಕೆ ಬರುತ್ತದೆ. ಹಗ್ಗ ಒಮ್ಮೆ ಇಳಿದು ಒಮ್ಮೆ ಏರಿದರೂ ಅದರ ಇಳಿಜಾರಿನ ಸಂಖ್ಯೆ ಎಡದಿಂದ ಬಲಕ್ಕೆ ಬೆಳೆಯುತ್ತಲೇ ಹೋಗುತ್ತದೆ. ಹೀಗೆ ಜೋತುಬಿದ್ದ ಗೆರೆಯನ್ನು ಕೊಡುವ ಫಲನಕ್ಕೆ ಪೀನ ಫಲನ ಎಂದು ಹೆಸರು. ಪೀನ ಮಸೂರ, ಪೀನ ದರ್ಪಣಗಳನ್ನು ಓದಿದವರಿಗೆ ಇದು ಗೊಂದಲ ತರುತ್ತದೆ. ಮೇಲಿನಿಂದ ನೋಡಿದರೆ ಗೆರೆ ಬಟ್ಟಲಿನಂತೆ ತಗ್ಗಾಗಿ ಕಾಣುತ್ತದಲ್ಲ! ಕೆಳಗಿನಿಂದ ನೋಡಬೇಕು, ಆಗ ಉಬ್ಬು ಕಾಣುತ್ತದೆ. ನೀರು ನಿಲ್ಲುವ ಬಟ್ಟಲು ಪೀನ, ಬೋರಲು ಹಾಕಿದ ಬಟ್ಟಲು ನಿಮ್ನ ಎಂದು ನೆನಪಿಟ್ಟುಕೊಂಡರೆ ಸಾಕು.

ಗೆರೆಯ ಇಳಿಜಾರನ್ನು ಕೊಡುವುದು ಮೊದಲ ಡೆರಿವೇಟಿವ್, f'(x). ಆ ಇಳಿಜಾರು ಎಷ್ಟು ಬೇಗ ಬದಲಾಗುತ್ತಿದೆ ಎಂದು ಹೇಳುವುದು ಎರಡನೆಯ ಡೆರಿವೇಟಿವ್, f''(x). ಅದು ಎಲ್ಲ ಕಡೆ ಧನವಾಗಿದ್ದರೆ ಇಳಿಜಾರು ಬೆಳೆಯುತ್ತಲೇ ಇರುತ್ತದೆ, ಗೆರೆ ಪೀನವಾಗುತ್ತದೆ. ಚಿತ್ರ ಬರೆಯದೆಯೇ ಗೆರೆಯ ಬಾಗನ್ನು ಹೀಗೆ ಲೆಕ್ಕದಿಂದ ಪರೀಕ್ಷಿಸಬಹುದು.

ಇನ್ನು ನಮಗೆ ಬೇಕಾಗಿರುವುದು ಒಂದು ಸ್ಪರ್ಶರೇಖೆ. ಪೀನ ಗೆರೆಯ ಮೇಲೆ ಒಂದು ಬಿಂದುವನ್ನು ಆರಿಸಿ, ಅಲ್ಲಿ ಗೆರೆಯನ್ನು ಮುಟ್ಟಿಕೊಂಡು ಹೋಗುವ ನೇರ ಕೋಲೊಂದನ್ನು ಇಡಿ. ಬಲಕ್ಕೆ ಸಾಗಿದಂತೆ ಕೋಲಿನ ಇಳಿಜಾರು ಹಾಗೆಯೇ ಇರುತ್ತದೆ, ಗೆರೆಯದು ಬೆಳೆಯುತ್ತದೆ. ಹಾಗಾಗಿ ಗೆರೆ ಕೋಲನ್ನು ಕೆಳಗೆ ಬಿಟ್ಟು ಮೇಲೇಳುತ್ತದೆ. ಎಡಕ್ಕೆ ಹಿಂತಿರುಗಿದರೂ ಅಷ್ಟೇ: ಅಲ್ಲಿ ಗೆರೆಯ ಇಳಿಜಾರು ಕೋಲಿನದಕ್ಕಿಂತ ಕಡಿಮೆ, ಆದ್ದರಿಂದ ಹಿಂದಕ್ಕೆ ನಡೆದಾಗ ಗೆರೆ ಕೋಲಿನಷ್ಟು ಕೆಳಗಿಳಿಯುವುದಿಲ್ಲ. ಎರಡೂ ಬದಿಗಳಲ್ಲಿ ಕೋಲು ಗೆರೆಯ ಕೆಳಗೇ ಇರುತ್ತದೆ. ಮುಟ್ಟಿದ ಬಿಂದುವನ್ನು m ಎಂದು ಕರೆದರೆ, ಇದನ್ನೇ ಹೀಗೆ ಬರೆಯಬಹುದು:

f(x) ≥ f(m) + f'(m)(x − m)

ಈಗ ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವ ಹೆಜ್ಜೆ. m ಅನ್ನು ಎಲ್ಲೆಂದರಲ್ಲಿ ಇಡದೆ, ನಮ್ಮ ಸಂಖ್ಯೆಗಳ ಸಮಾಂತರ ಮಾಧ್ಯದಲ್ಲೇ ಇಡೋಣ. ಒಂದೊಂದು ಸಂಖ್ಯೆಗೂ ಮೇಲಿನ ಸಾಲನ್ನು ಬರೆದು ಎಲ್ಲವನ್ನೂ ಕೂಡಿ ಸರಾಸರಿ ತೆಗೆದರೆ, ಕೊನೆಯ ಪದದಲ್ಲಿ ಪ್ರತಿ ಸಂಖ್ಯೆ ಸರಾಸರಿಯಿಂದ ಎಷ್ಟು ದೂರವಿದೆ ಎಂಬುದರ ಮೊತ್ತ ಉಳಿಯುತ್ತದೆ. ಆದರೆ ಸರಾಸರಿ ಎಂದರೇ ಮೇಲಿನವರ ಹೆಚ್ಚಳವೂ ಕೆಳಗಿನವರ ಕೊರತೆಯೂ ಸರಿಹೋಗುವ ಜಾಗ. ಆ ಮೊತ್ತ ಸೊನ್ನೆ. ಕೋಲಿನ ಇಳಿಜಾರು ಎಷ್ಟೇ ಇದ್ದರೂ ಆ ಪದ ಅಳಿಸಿಹೋಗಿ ಉಳಿಯುವುದು ಇಷ್ಟು: f(x)ಗಳ ಸರಾಸರಿ, ಸರಾಸರಿಯಲ್ಲಿನ f(m)ಗಿಂತ ಕಡಿಮೆಯಾಗುವುದಿಲ್ಲ.

ಇದು ಯೆನ್ಸೆನ್ ಅಸಮತೆ. ಯೆನ್ಸೆನ್ ಡೆನ್ಮಾರ್ಕಿನವರು, ಜೀವನೋಪಾಯಕ್ಕೆ ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದು ಬಿಡುವಿನಲ್ಲಿ ಗಣಿತ ಮಾಡುತ್ತಿದ್ದವರು. ಪೀನ ಫಲನಗಳ ಬಗ್ಗೆ ಅವರ ಪ್ರಸಿದ್ಧ ಲೇಖನ ಬಂದದ್ದು 1906ರಲ್ಲಿ. ಅವರು ಡೆರಿವೇಟಿವ್‌ಗಳನ್ನು ಕೇಳಲೇ ಇಲ್ಲ, ಎರಡು ಬಿಂದುಗಳ ನಡುವಿನ ಮಧ್ಯಬಿಂದುವಿನಿಂದ ಹೊರಟು ಕೋಶಿಯ ದಾರಿಯನ್ನೇ ಹಿಗ್ಗಿಸಿದರು. ಎರಡನೆಯ ಡೆರಿವೇಟಿವ್‌ನ ದಾರಿಯಲ್ಲಿ ಇದೇ ಫಲಿತಾಂಶವನ್ನು 1889ರಲ್ಲೇ ಜರ್ಮನಿಯ ಹೋಲ್ಡರ್ ತಲುಪಿದ್ದರು.

ಮಾಧ್ಯಗಳಿಗೆ ಮರಳೋಣ. ಗುಣಾಕಾರವನ್ನು ಕೂಡುವಿಕೆಯಾಗಿ ಬದಲಿಸುವುದು ಲಾಗರಿದಮ್‌ನ ಕೆಲಸ. ಆದ್ದರಿಂದ ಗುಣೋತ್ತರ ಮಾಧ್ಯದ ಲಾಗ್ ಎಂದರೆ ಸಂಖ್ಯೆಗಳ ಲಾಗ್‌ಗಳ ಸಾಮಾನ್ಯ ಸರಾಸರಿಯೇ. ಲಾಗ್‌ನ ಗೆರೆ ಬೋರಲು ಬಟ್ಟಲು, ಹಿಂದೆ ಋಣಚಿಹ್ನೆ ಹಾಕಿದರೆ ನೆಟ್ಟಗಾಗುತ್ತದೆ. f(x) = −log x ಎಂದು ಇಟ್ಟುಕೊಂಡರೆ f'(x) = −1/x, f''(x) = 1/x². ವರ್ಗ ಯಾವಾಗಲೂ ಧನ, ಆದ್ದರಿಂದ ಫಲನ ಪೀನ. ಯೆನ್ಸೆನ್ ಅಸಮತೆಯನ್ನು ಹಚ್ಚಿ ಋಣಚಿಹ್ನೆ ತೆಗೆದಾಗ ಅಸಮತೆ ತಿರುಗಿ, ಸಮಾಂತರ ಮಾಧ್ಯದ ಲಾಗ್ ಗುಣೋತ್ತರ ಮಾಧ್ಯದ ಲಾಗ್‌ಗಿಂತ ಕಡಿಮೆಯಿಲ್ಲ ಎಂದಾಗುತ್ತದೆ. ಲಾಗ್ ದೊಡ್ಡದಿದ್ದರೆ ಸಂಖ್ಯೆಯೂ ದೊಡ್ಡದು. ಸಾಧನೆ ಇಷ್ಟೇ.

ನಮ್ಮ ಹೂಡಿಕೆಯಲ್ಲೇ ನೋಡಿ. m = 1.05. ಅಲ್ಲಿ ಗೆರೆಯ ಎತ್ತರ −0.0488, ಕೋಲಿನ ಎತ್ತರವೂ ಅದೇ. 1.5ರ ಬಳಿ ಕೋಲು −0.4774ರಲ್ಲಿದೆ, ಗೆರೆ −0.4055ರಲ್ಲಿ, ಅಂದರೆ 0.0719ರಷ್ಟು ಮೇಲೆ. 0.6ರ ಬಳಿ ಕೋಲು 0.3798, ಗೆರೆ 0.5108, ಸುಮಾರು 0.1310ರಷ್ಟು ಮೇಲೆ. ಈ ಎರಡು ಅಂತರಗಳ ಸರಾಸರಿ 0.1015. ಶೇ. 5ರ ಲಾಭವನ್ನು ನುಂಗಿ ಹಣವನ್ನು ನಷ್ಟಕ್ಕೆ ತಳ್ಳಿದ್ದು ಕೋಲಿಗೂ ಗೆರೆಗೂ ನಡುವಿನ ಈ ಸಂದು.

ಈ ಪರೀಕ್ಷೆ ಎಡವುವ ಜಾಗಗಳೂ ಇವೆ. f'' ಒಂದು ಬಿಂದುವಿನಲ್ಲಿ ಧನವಾಗಿದ್ದರೆ ಸಾಲದು, ನಮ್ಮ ಸಂಖ್ಯೆಗಳಿರುವ ಇಡೀ ಹರವಿನಲ್ಲಿ ಎಲ್ಲೂ ಋಣವಾಗಬಾರದು. x³ ತೆಗೆದುಕೊಳ್ಳಿ. ಅದರ ಎರಡನೆಯ ಡೆರಿವೇಟಿವ್ 6x, ಸೊನ್ನೆಯ ಬಲಕ್ಕೆ ಧನ, ಎಡಕ್ಕೆ ಋಣ. −3 ಮತ್ತು 1ರ ಸರಾಸರಿ −1, ಅದರ ಘನ −1. ಘನಗಳಾದ −27 ಮತ್ತು 1ರ ಸರಾಸರಿ −13. ಅಸಮತೆ ತಲೆಕೆಳಗಾಯಿತು. ಋಣ ಸಂಖ್ಯೆಗಳಿಗೆ ಮಾಧ್ಯಗಳ ಮಾತೂ ಹೀಗೆಯೇ ಕೆಡುತ್ತದೆ: −4 ಮತ್ತು −9ರ ಗುಣಲಬ್ಧ 36, ವರ್ಗಮೂಲ 6, ಆದರೆ ಸರಾಸರಿ −6.5. ಲಾಗ್‌ನ ಗೆರೆ ಸೊನ್ನೆಯ ಬಲಕ್ಕೆ ಮಾತ್ರ ಇದೆ, ಸಾಧನೆಯೂ ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು ಕಡೆ, ಎರಡನೆಯ ಡೆರಿವೇಟಿವ್ ಇಲ್ಲದೆಯೂ ಗೆರೆ ಪೀನವಾಗಿರಬಹುದು. |x| ಎಂಬ V ಆಕಾರದ ಗೆರೆಗೆ ತುದಿಯಲ್ಲಿ ಇಳಿಜಾರೇ ಇಲ್ಲ, ಆದರೂ ಅದು ಪೀನವೇ. ಯೆನ್ಸೆನ್ ಮಧ್ಯಬಿಂದುವಿನಿಂದ ಹೊರಟದ್ದರ ಬಲ ಇಲ್ಲಿ ತಿಳಿಯುತ್ತದೆ.

ಹಾಗಾದರೆ ಎರಡನೆಯ ಡೆರಿವೇಟಿವ್‌ನಿಂದ ಹೆಚ್ಚಿಗೆ ಏನು ಸಿಕ್ಕಿತು? ಎರಡು ಮಾಧ್ಯಗಳು ಬೇರೆ ಎಂದಷ್ಟೇ ಅಲ್ಲ, ಎಷ್ಟು ಬೇರೆ ಎಂಬ ಅಂದಾಜು. ಕೋಲಿನಿಂದ ಗೆರೆ ಏಳುವ ಎತ್ತರ, m ಬಳಿಯಲ್ಲಿ, f''ನ ಅರ್ಧವನ್ನು ದೂರದ ವರ್ಗದಿಂದ ಗುಣಿಸಿದಷ್ಟು. ಇಲ್ಲಿ f'' ಎಂದರೆ 1/m². ಇದನ್ನು ಲಾಗ್‌ನಿಂದ ಮತ್ತೆ ಸಂಖ್ಯೆಗೆ ಇಳಿಸಿದರೆ, ಸಂಖ್ಯೆಗಳು ಸರಾಸರಿಯಿಂದ ಎಷ್ಟು ದೂರವಿವೆಯೋ ಅದರ ವರ್ಗಗಳ ಸರಾಸರಿಯನ್ನು 2mನಿಂದ ಭಾಗಿಸಿದಾಗ ಮಾಧ್ಯಗಳ ಅಂತರ ಹೆಚ್ಚು ಕಡಿಮೆ ಸಿಗುತ್ತದೆ. ನಮ್ಮ ಲೆಕ್ಕದಲ್ಲಿ ದೂರ 0.45, ವರ್ಗ 0.2025, ಅದನ್ನು 2.1ರಿಂದ ಭಾಗಿಸಿದರೆ 0.0964. ನಿಜವಾದ ಅಂತರ 0.1013. ಇಷ್ಟು ದೊಡ್ಡ ಏರಿಳಿತಕ್ಕೂ ಅಂದಾಜು ಹತ್ತಿರವೇ ಬಂದಿದೆ, ಚಿಕ್ಕ ಏರಿಳಿತಕ್ಕೆ ಇನ್ನೂ ನಿಖರವಾಗುತ್ತದೆ.

ದೂರದ ವರ್ಗ ಎಂಬ ಮಾತನ್ನು ಹಣದಲ್ಲಿ ನೋಡಬಹುದು. ಒಂದು ವರ್ಷ ಶೇ. 10 ಏರಿ ಮರುವರ್ಷ ಶೇ. 10 ಇಳಿಯುವ ಹೂಡಿಕೆಯ ಸಮಾಂತರ ಸರಾಸರಿ ಸೊನ್ನೆ. ಹೀಗೆಯೇ 20 ವರ್ಷ ನಡೆದರೆ 10,000 ರೂಪಾಯಿ ಸುಮಾರು 9,044ಕ್ಕೆ ಇಳಿಯುತ್ತದೆ. ಏರಿಳಿತ ಶೇ. 20 ಆದರೆ ಸರಾಸರಿ ಆಗಲೂ ಸೊನ್ನೆಯೇ, ಆದರೆ ಎರಡು ವರ್ಷಕ್ಕೊಮ್ಮೆ ಆಗುವ ನಷ್ಟ ಶೇ. 1ರಿಂದ ಶೇ. 4ಕ್ಕೆ ಏರಿ, ಕೊನೆಗೆ ಉಳಿಯುವುದು 6,648. ಶೇ. 30 ಆದರೆ ನಷ್ಟ ಶೇ. 9. ಆಗ ಉಳಿಯುವುದು 3,894 ರೂಪಾಯಿ.