ಎಂಟು ಜಿಬಿ ಲ್ಯಾಪ್‌ಟಾಪಲ್ಲಿ ಎಐ ಓಡುತ್ತಾ?

ಕುಶಾಲನಗರದಲ್ಲಿ ಮನೆಯಿಂದಲೇ ಕೆಲಸ ಮಾಡೋ ನನಗೆ ಮಳೆಗಾಲ ಅಂದ್ರೆ ಒಂದೇ ಭಯ, ನೆಟ್. ಮಡಿಕೇರಿ ಕಡೆ ಎಲ್ಲೋ ಮರ ಬಿದ್ದರೆ ಇಲ್ಲಿ ನನ್ನ ಮೀಟಿಂಗ್ ನಿಂತುಹೋಗುತ್ತೆ. ಕಳೆದ ಜುಲೈನಲ್ಲಿ ಹೀಗೆ ಕೂತಿದ್ದಾಗ ಅಪ್ಪ ಒಂದು ಕೆಲಸ ಕೊಟ್ಟರು. ನಾಲ್ಕು ವರ್ಷದ ಕಾಫಿ ಲೆಕ್ಕದ ಚೀಟಿಗಳು, ಖರೀದಿದಾರರ ಇಂಗ್ಲಿಷ್ ಪತ್ರಗಳು, ಎಲ್ಲವನ್ನೂ ಕನ್ನಡದಲ್ಲಿ ಚುಟುಕಾಗಿ ಬರೆದುಕೊಡಬೇಕು. "ಆದ್ರೆ ನಮ್ಮ ರೇಟು, ಸಾಲ ಎಲ್ಲಾ ಅದ್ರಲ್ಲಿದೆ. ಹೊರಗಿನವರ ಕಂಪ್ಯೂಟರ್‌ಗೆ ಹಾಕ್ಬೇಡ ಮಗಾ" ಅಂದರು.

ಅವರು ಹೇಳಿದ್ದು ಸರಿಯೇ. ಹಾಗಾದರೆ ಎಐ ಮಾಡೆಲನ್ನೇ ನನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡರೆ? ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಬಹುದಾದ ಮಾಡೆಲ್‌ಗಳು ಈಗ ಬೇಕಾದಷ್ಟಿವೆ. ನೆಟ್ ಬಂದ ರಾತ್ರಿ ಉತ್ಸಾಹದಲ್ಲಿ ಲಾಮಾ 3.1ರ 8 ಬಿಲಿಯನ್ ಮಾಡೆಲ್ ಇಳಿಸಿದೆ. ಬೆಳಿಗ್ಗೆ ಒಂದು ಪ್ರಶ್ನೆ ಕೇಳಿದೆ. ಒಂದೊಂದು ಪದಕ್ಕೂ ಹಲವು ಸೆಕೆಂಡ್. ಮೌಸ್ ಕೂಡ ಅಲುಗಾಡಲಿಲ್ಲ.

ಎಡವಿದ್ದು ಎಲ್ಲಿ?

ಮಾಡೆಲ್ ಅಂದರೆ ಕೊನೆಗೂ ಸಂಖ್ಯೆಗಳ ದೊಡ್ಡ ಗಂಟು. 8 ಬಿಲಿಯನ್ ಅಂದರೆ 800 ಕೋಟಿ ಸಂಖ್ಯೆಗಳು. ಮೂಲ ರೂಪದಲ್ಲಿ ಒಂದೊಂದು ಸಂಖ್ಯೆಗೂ 16 ಬಿಟ್, ಅಂದರೆ 2 ಬೈಟ್ ಜಾಗ ಬೇಕು. ಒಟ್ಟು 16 ಜಿಬಿ. ನಾನು ಇಳಿಸಿದ್ದು ಅದನ್ನು ಕುಗ್ಗಿಸಿದ ರೂಪ, ಸುಮಾರು 4.9 ಜಿಬಿ. ಇದರ ಮೇಲೆ ನಾವು ಕೊಟ್ಟ ಪಠ್ಯವನ್ನು ನೆನಪಿಟ್ಟುಕೊಳ್ಳಲೂ ಜಾಗ ಬೇಕು. ಈ ಮಾಡೆಲ್‌ಗೆ 8,192 ಟೋಕನ್‌ಗಳಿಗೆ (ಪದದ ತುಣುಕುಗಳಿಗೆ) ಸುಮಾರು 1 ಜಿಬಿ.

ನನ್ನ ಲ್ಯಾಪ್‌ಟಾಪ್‌ನ ರ‍್ಯಾಮ್ 8 ಜಿಬಿ. ವಿಂಡೋಸು, ಬ್ರೌಸರು ಸೇರಿ ಮೂರೂವರೆ ನುಂಗಿದ್ದವು. ಉಳಿದದ್ದು ನಾಲ್ಕೂವರೆ, ಬೇಕಿದ್ದದ್ದು ಸುಮಾರು ಆರು. ಹಿಡಿಸದ್ದನ್ನು ಕಂಪ್ಯೂಟರ್ ಡಿಸ್ಕಿನಿಂದ ಓದತೊಡಗುತ್ತದೆ. ಪ್ರತಿ ಟೋಕನ್ ಬರೆಯಲೂ ಮಾಡೆಲ್‌ನ ಎಲ್ಲಾ ಸಂಖ್ಯೆಗಳನ್ನೂ ಒಮ್ಮೆ ಓದಲೇಬೇಕು. ಡಿಸ್ಕ್ ರ‍್ಯಾಮಿಗಿಂತ ಹತ್ತಾರು ಪಟ್ಟು ನಿಧಾನ. ಹೀಗಾಗಿದೆಯಾ ಅಂತ ತಿಳಿಯೋದು ಸುಲಭ: ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ತುಂಬಿರುತ್ತೆ, ಡಿಸ್ಕ್ 100% ತೋರಿಸುತ್ತೆ.

ಕುಗ್ಗಿಸೋದು ಹೇಗೆ?

ಈ ಕುಗ್ಗಿಸುವಿಕೆಯ ಹೆಸರೇ ಕ್ವಾಂಟೈಸೇಶನ್. ಒಂದು ಸರಳ ವಿಧಾನ ನೋಡಿ. 32 ಸಂಖ್ಯೆಗಳ ಒಂದು ಗುಂಪಿಗೆ ಒಂದೇ ಅಳತೆಗೋಲು, ಉದಾಹರಣೆಗೆ 0.1. ಆಗ 0.37 ಅನ್ನೋ ಸಂಖ್ಯೆಯನ್ನು "4" ಅಂತ, 0.12 ಅನ್ನು "1" ಅಂತ ಬರೆದಿಟ್ಟರೆ ಸಾಕು. ಓದುವಾಗ ಅಳತೆಗೋಲಿನಿಂದ ಗುಣಿಸಿದರೆ 0.4, 0.1 ಸಿಗುತ್ತೆ. ಸಣ್ಣ ತಪ್ಪು, ನಡೆಯುತ್ತೆ. 4 ಬಿಟ್‌ನಲ್ಲಿ ಇಂಥ 16 ಮೆಟ್ಟಿಲುಗಳಿವೆ. ಅಳತೆಗೋಲಿನ ಜಾಗವೂ ಸೇರಿ ಒಂದು ಸಂಖ್ಯೆಗೆ ನಾಲ್ಕೂವರೆ ಬಿಟ್ ಬೀಳುತ್ತೆ.

ಹಾಗಾದ್ರೆ 2 ಬಿಟ್‌ಗೆ ಇಳಿಸಿಬಿಟ್ಟರೆ? ಆಗ ಇರೋದು ನಾಲ್ಕೇ ಮೆಟ್ಟಿಲು. ಅದೇ ಗುಂಪಿನಲ್ಲಿ ಅಳತೆಗೋಲು 0.4 ಆಗುತ್ತೆ, 0.12 ನೇರ ಸೊನ್ನೆ. ನಾನು ಪ್ರಯತ್ನಿಸಿದಾಗ ಇಂಗ್ಲಿಷ್ ಹೇಗೋ ಉಳಿದುಕೊಂಡಿತು, ಕನ್ನಡ ಮಾತ್ರ ಒಂದೇ ಪದವನ್ನು ಮತ್ತೆ ಮತ್ತೆ ಬರೆಯತೊಡಗಿತು. ಮಾಡೆಲ್ ಕಡಿಮೆ ಕಲಿತಿರೋ ಭಾಷೆಗೇ ಮೊದಲ ಪೆಟ್ಟು.

ಹಾಗಾಗಿ ದೊಡ್ಡದನ್ನು ಹಿಂಡೋ ಬದಲು 4 ಬಿಟ್‌ನಲ್ಲೇ ಉಳಿದು, ಅರ್ಧದಷ್ಟು ಚಿಕ್ಕ ಮಾಡೆಲ್ ತಗೊಂಡೆ. ಒಲಾಮಾ ಅನ್ನೋ ಉಚಿತ ತಂತ್ರಾಂಶ ಹಾಕಿಕೊಂಡು ಹೀಗೆ ಟೈಪ್ ಮಾಡಿದರಾಯ್ತು:

```
ollama run gemma3:4b
```

ಡೌನ್‌ಲೋಡ್ 3.3 ಜಿಬಿ. ಬ್ರೌಸರ್ ಮುಚ್ಚಿದೆ, ಒಂದು ಸಲಕ್ಕೆ ಒಂದೇ ಪತ್ರ ಕೊಟ್ಟೆ. ನಾವು ಓದೋ ವೇಗದಲ್ಲೇ ಉತ್ತರ ಬಂತು, ನೆಟ್ ಇಲ್ಲದೆ.

ಅಪ್ಪ ಹಿಡಿದ ತಪ್ಪು

ಈ ಗಾತ್ರದ ಎರಡು ಮೂರು ಮಾಡೆಲ್‌ಗಳನ್ನು ಪರೀಕ್ಷಿಸಿದೆ. ಒಂದು ಮಾಡೆಲ್ ಬರೆದ ಸಾರಾಂಶ ಓದಿ ಅಪ್ಪ ಬಿದ್ದು ಬಿದ್ದು ನಕ್ಕರು. "ಏನೋ ಇದು, 'ಓವರ್‌ಟೈಮ್ 27 ಗಂಟೆ' ಅಂತೆ! ಚೆರಿ ಕಾಫಿಗೆ ಓವರ್‌ಟೈಮ್ ಯಾರೋ ಕೊಡ್ತಾರೆ?" ಚೀಟಿಯಲ್ಲಿದ್ದದ್ದು ಓಟಿ 27. ಅಂದರೆ ಔಟ್‌ಟರ್ನ್, 50 ಕೆ.ಜಿ. ಚೀಲದಲ್ಲಿ ಸಿಗೋ ಶುದ್ಧ ಬೇಳೆ 27 ಕೆ.ಜಿ. ಬೆಲೆ ನಿಲ್ಲೋದೇ ಅದರ ಮೇಲೆ.

ಚಿಕ್ಕ ಮಾಡೆಲ್‌ಗೆ ಲೋಕಜ್ಞಾನ ಕಡಿಮೆ, ಗೊತ್ತಿಲ್ಲದ್ದನ್ನು ಧೈರ್ಯವಾಗಿ ಊಹಿಸಿಬಿಡುತ್ತೆ. ಅದಕ್ಕೇ ಈಗ ಪ್ರತಿ ಪತ್ರದ ಮೇಲೆ ಎರಡು ಸಾಲು ಸೇರಿಸುತ್ತೇನೆ: ಓಟಿ ಅಂದರೆ ಏನು, ಪಾರ್ಚ್‌ಮೆಂಟ್ ಅಂದರೆ ಏನು. ಆ ತಪ್ಪು ಮತ್ತೆ ಬಂದಿಲ್ಲ. ಕೂಡುವುದು, ಗುಣಿಸುವುದನ್ನು ಅದಕ್ಕೆ ಕೊಡೋದೇ ಇಲ್ಲ, ಅದೆಲ್ಲ ಎಕ್ಸೆಲ್‌ನಲ್ಲಿ.

ಈಗ ಸಂಜೆ ನಾನು ಸಾರಾಂಶ ಓದುತ್ತೇನೆ, ಅಪ್ಪ ಮೂಲ ಚೀಟಿ ಹಿಡಿದು ಅಂಕಿಗಳನ್ನು ತಾಳೆ ನೋಡುತ್ತಾರೆ. ಎರಡು ವರ್ಷದ ಲೆಕ್ಕ ಮುಗಿದಿದೆ. ಹಳೇ ಒಂದು ಚೀಟಿಯಲ್ಲಿ ಓಟಿ ಒಂದು ಕೆ.ಜಿ. ಕಡಿಮೆ ಹಾಕಿದ್ದೂ ಸಿಕ್ಕಿದೆ. ಅದನ್ನು ಹಿಡಿದದ್ದು ಮಾತ್ರ ಮಾಡೆಲ್ ಅಲ್ಲ, ಅಪ್ಪ.