‘ಮಾರುಕಟ್ಟೆಯ ನಡುಮಟ್ಟ’ ಎಂದರೆ ಯಾವ ಮಾರುಕಟ್ಟೆ?

“ನಮ್ಮ ಕಂಪನಿ ಮಾರುಕಟ್ಟೆಯ 50ನೇ ಪರ್ಸೆಂಟೈಲ್‌ನಲ್ಲಿ ಸಂಬಳ ಕೊಡುತ್ತದೆ.” ಅನೇಕ ಕಂಪನಿಗಳ ವೇತನ ನೀತಿಯಲ್ಲಿ ಇಂಥದೊಂದು ವಾಕ್ಯ ಇರುತ್ತದೆ. ಒಂದು ಹುದ್ದೆಗೆ ಬೇರೆ ಬೇರೆ ಕಂಪನಿಗಳು ಕೊಡುವ ಸಂಬಳಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆದರೆ ನಟ್ಟನಡುವೆ ಬರುವ ಮೊತ್ತವೇ 50ನೇ ಪರ್ಸೆಂಟೈಲ್. ಅರ್ಧದಷ್ಟು ಸಂಬಳಗಳು ಅದಕ್ಕಿಂತ ಕೆಳಗೆ, ಇನ್ನರ್ಧ ಮೇಲೆ. ಇಷ್ಟು ಅರ್ಥವಾಗುವುದು ಸುಲಭ. ಆದರೆ ಆ ಸಾಲಿನಲ್ಲಿ ಯಾರ್‍ಯಾರನ್ನು ನಿಲ್ಲಿಸಿದ್ದಾರೆ ಎಂಬುದನ್ನು ವಾಕ್ಯ ಹೇಳುವುದಿಲ್ಲ, ನೌಕರನ ಜೇಬಿಗೆ ಸಂಬಂಧಿಸಿದ ಸಂಗತಿ ಇರುವುದೇ ಅಲ್ಲಿ.

ಅಮೆರಿಕದ ಬೇಸ್‌ಕ್ಯಾಂಪ್ ಎಂಬ ಸಣ್ಣ ಸಾಫ್ಟ್‌ವೇರ್ ಕಂಪನಿ 2018ರಲ್ಲಿ ಇದನ್ನು ಬಿಡಿಸಿ ಹೇಳಿತು. ನೌಕರ ಯಾವ ಊರಲ್ಲೇ ಇರಲಿ, ಸ್ಯಾನ್ ಫ್ರಾನ್ಸಿಸ್ಕೊದ ಸಾಫ್ಟ್‌ವೇರ್ ಮಾರುಕಟ್ಟೆಯ ಮೇಲಿನ ಶೇ 10ರ ಮಟ್ಟದ ಸಂಬಳ ಅವನಿಗೆ ಸಿಗುತ್ತದೆ ಎಂದು ಪ್ರಕಟಿಸಿತು. ಗಿಟ್‌ಲ್ಯಾಬ್ ಹಿಡಿದ ದಾರಿ ಬೇರೆ. ಸ್ಯಾನ್ ಫ್ರಾನ್ಸಿಸ್ಕೊದ ಮೊತ್ತವನ್ನೇ ಆಧಾರವಾಗಿಟ್ಟು, ನೌಕರ ವಾಸಿಸುವ ಊರಿಗೆ ಗೊತ್ತುಮಾಡಿದ ಗುಣಕದಿಂದ ಅದನ್ನು ಗುಣಿಸುತ್ತಿತ್ತು. ಎರಡೂ ನೀತಿಗಳ ಬಗ್ಗೆ ವಾದ ಮಾಡಬಹುದು. ಆದರೆ ಯಾವ ಮಾರುಕಟ್ಟೆ, ಯಾವ ಮಟ್ಟ ಎಂಬುದು ಎರಡರಲ್ಲೂ ಮುಚ್ಚುಮರೆಯಿಲ್ಲದೆ ಗೊತ್ತಾಗುತ್ತದೆ.

ಬೆಂಗಳೂರಿನಲ್ಲಿ ಈ ಪ್ರಶ್ನೆ ಇನ್ನೂ ಮುಖ್ಯ. ಐಟಿ ಸೇವಾ ಕಂಪನಿಗಳು, ಸ್ಟಾರ್ಟಪ್‌ಗಳು, ವಿದೇಶಿ ಬ್ಯಾಂಕುಗಳ ತಾಂತ್ರಿಕ ಕೇಂದ್ರಗಳು ಒಂದೇ ರಸ್ತೆಯಲ್ಲಿವೆ. ಸೇವಾ ಕಂಪನಿಗಳನ್ನಷ್ಟೇ ಹೋಲಿಸಿಕೊಂಡು ತೆಗೆದ ನಡುಮಟ್ಟ ಒಂದು, ಬಹುರಾಷ್ಟ್ರೀಯ ಕಂಪನಿಗಳ ಜೊತೆ ಹೋಲಿಸಿ ತೆಗೆದದ್ದು ಇನ್ನೊಂದು. ಜನ ಕೆಲಸ ಬಿಟ್ಟು ಯಾವ ಕಂಪನಿಗಳಿಗೆ ಹೋಗುತ್ತಿದ್ದಾರೋ ಆ ಕಂಪನಿಗಳು ಹೋಲಿಕೆಯ ಪಟ್ಟಿಯಲ್ಲಿ ಇಲ್ಲದಿದ್ದರೆ ಆ ನಡುಮಟ್ಟ ಕಾಗದದ ಮೇಲಷ್ಟೇ ಸರಿ.

ಹೋಲಿಸುತ್ತಿರುವುದು ಸಂಬಳದ ಯಾವ ಭಾಗ ಎಂಬುದನ್ನೂ ನೋಡಬೇಕು. ಆಫರ್ ಲೆಟರ್‌ನ ಸಿಟಿಸಿಯಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಕೈಗೆ ಬರುವ ಖಾತ್ರಿಯಿಲ್ಲದ ಬೋನಸ್ ಎಲ್ಲ ಸೇರಿರುತ್ತವೆ. ಗೆಳೆಯನ 28 ಲಕ್ಷದ ಸಿಟಿಸಿಯನ್ನು ತನ್ನ 24 ಲಕ್ಷದ ಫಿಕ್ಸೆಡ್ ಸಂಬಳದ ಪಕ್ಕದಲ್ಲಿಟ್ಟು ಕೊರಗುವವರಿದ್ದಾರೆ. ಫಿಕ್ಸೆಡ್ ಭಾಗ ಇಬ್ಬರಿಗೂ ಒಂದೇ ಇರಬಹುದು.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ದಿನಾಂಕದಲ್ಲಿ. ಒಂದು ಲೆಕ್ಕ ಹಾಕೋಣ. ಕಳೆದ ಏಪ್ರಿಲ್‌ನ ಸಂಬಳ ಸಮೀಕ್ಷೆಯಲ್ಲಿ ಒಂದು ಗ್ರೇಡ್‌ನ ಎಂಜಿನಿಯರ್‌ಗೆ ನಡುಮಟ್ಟ 24 ಲಕ್ಷ ಎಂದು ಬಂದಿದೆ ಎಂದಿಟ್ಟುಕೊಳ್ಳಿ. ಕಂಪನಿ ಆ ಗ್ರೇಡ್‌ನ ಮಿತಿಯನ್ನು ಇದರ ಶೇ 80ರಿಂದ ಶೇ 120ರವರೆಗೆ, ಅಂದರೆ 19.2 ಲಕ್ಷದಿಂದ 28.8 ಲಕ್ಷದವರೆಗೆ ಇಡುತ್ತದೆ. ಒಬ್ಬ ಎಂಜಿನಿಯರ್‌ಗೆ 21.6 ಲಕ್ಷ ಬರುತ್ತಿದೆ. ಅವಳ ಸಂಬಳವನ್ನು ನಡುಮಟ್ಟದಿಂದ ಭಾಗಿಸಿದರೆ 0.90. ಎಚ್‌ಆರ್ ವಿಭಾಗದವರು ಇದನ್ನು ಕಂಪಾ ರೇಶಿಯೊ ಎನ್ನುತ್ತಾರೆ. 1 ಬಂದರೆ ನಡುಮಟ್ಟ ಮುಟ್ಟಿದಂತೆ. ಗ್ರೇಡ್‌ಗೆ ಹೊಸದಾಗಿ ಬಂದವರಿಗೆ 0.90 ಸಹಜ, ವರ್ಷಗಳಿಂದ ಅದೇ ಕೆಲಸವನ್ನು ಚೆನ್ನಾಗಿ ಮಾಡುತ್ತಿರುವವರಿಗೆ ಕಡಿಮೆ.

ಈ ವರ್ಷ ಅವಳಿಗೆ ಶೇ 8 ಇನ್‌ಕ್ರಿಮೆಂಟ್ ಸಿಕ್ಕಿತು. ಸಂಬಳ ಸುಮಾರು 23.3 ಲಕ್ಷವಾಯಿತು. ಅಷ್ಟರಲ್ಲಿ ಮಾರುಕಟ್ಟೆ ಶೇ 9 ಏರಿ ನಡುಮಟ್ಟ ಸುಮಾರು 26.2 ಲಕ್ಷಕ್ಕೆ ಹೋಗಿದೆ. ಈಗ ಅವಳ ರೇಶಿಯೊ 0.89. ಸಂಬಳ ಏರಿದೆ, ಸ್ಥಾನ ಇಳಿದಿದೆ. ಕಂಪನಿ ಇನ್ನೂ ಹಳೆಯ 24 ಲಕ್ಷವನ್ನೇ ಹಿಡಿದಿದ್ದರೆ ಅದರ ಕಡತದಲ್ಲಿ 0.97 ಕಾಣುತ್ತದೆ, ಎಲ್ಲ ಸರಿಯಿದೆ ಎಂದು ಮ್ಯಾನೇಜರ್ ಸಮಾಧಾನಪಡುತ್ತಾನೆ. ಅದೇ ತಿಂಗಳು ಅದೇ ಕೆಲಸಕ್ಕೆ ಹೊರಗಿನಿಂದ ಬಂದವನನ್ನು 26 ಲಕ್ಷಕ್ಕೆ ಸೇರಿಸಿಕೊಳ್ಳಬೇಕಾಗುತ್ತದೆ, ಏಕೆಂದರೆ ಅವನು ಇಂದಿನ ಬೆಲೆಗೇ ಬರುತ್ತಾನೆ. ಹಳಬರಿಗಿಂತ ಹೊಸಬರಿಗೆ ಹೆಚ್ಚು ಸಂಬಳ ಎಂಬ ದೂರು ಹುಟ್ಟುವುದು ಬಹಳ ಸಲ ಹೀಗೆಯೇ. ಇದಕ್ಕೆ ಯಾರ ಪಕ್ಷಪಾತವೂ ಬೇಕಿಲ್ಲ, ಹಳೆಯ ಸಮೀಕ್ಷೆಯೊಂದು ಸಾಕು.

ಇದರ ಪರಿಹಾರ ಕಂಪನಿಯ ಕೈಯಲ್ಲಿದೆ. ಸಮೀಕ್ಷೆಯ ಮೊತ್ತವನ್ನು ಅಂದಾಜು ಏರಿಕೆಯಷ್ಟು ಮುಂದಕ್ಕೆ ಒಯ್ದು ಗ್ರೇಡ್ ಮಿತಿಗಳನ್ನು ಪ್ರತಿ ವರ್ಷ ಸರಿಪಡಿಸಬೇಕು. ಜೊತೆಗೆ ಇನ್‌ಕ್ರಿಮೆಂಟ್ ಹಣದಲ್ಲಿ ಒಂದು ಪಾಲನ್ನು, ಚೆನ್ನಾಗಿ ಕೆಲಸ ಮಾಡಿಯೂ ರೇಶಿಯೊದಲ್ಲಿ ಹಿಂದೆ ಉಳಿದವರಿಗೆಂದೇ ತೆಗೆದಿಡಬೇಕು. ಎಲ್ಲರಿಗೂ ಒಂದೇ ಶೇಕಡಾವಾರು ಹಂಚಿದರೆ ಹಿಂದೆ ಉಳಿದವರು ಹಿಂದೆಯೇ ಇರುತ್ತಾರೆ.

ಮುಂದಿನ ಅಪ್ರೈಸಲ್ ಮಾತುಕತೆಯಲ್ಲಿ ಶೇಕಡಾ ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ. ನಿಮ್ಮ ಗ್ರೇಡ್‌ನ ನಡುಮಟ್ಟ ಎಷ್ಟು, ಅದು ಯಾವ ಕಂಪನಿಗಳನ್ನು ಹೋಲಿಸಿ ತೆಗೆದದ್ದು, ಯಾವ ತಿಂಗಳ ಸಮೀಕ್ಷೆ, ನಿಮ್ಮ ರೇಶಿಯೊ ಎಷ್ಟು ಎಂದು ಕೇಳಿ. ಮ್ಯಾನೇಜರ್ ಆಗಿದ್ದರೆ, ನಿಮ್ಮ ತಂಡದವರು ಕೇಳುವ ಮೊದಲೇ ಈ ಉತ್ತರಗಳನ್ನು ಎಚ್‌ಆರ್‌ನಿಂದ ತರಿಸಿಕೊಳ್ಳಿ.